ಕೊನೇ ಫ್ರೇಮ್ ಇಂದ ಕ್ಲಿಪ್ ಉದ್ದ ಮಾಡೋದು: ವ್ಯಾನ್ 2.2 ತಿಂಗಳುಗಟ್ಟಲೆ ಬಳಸಿದ ಮೇಲೆ ನನ್ನ ಅನಿಸಿಕೆ

ಶಿಡ್ಲಘಟ್ಟದಲ್ಲಿ ಸೀರೆ ಅಂಗಡಿಗಳಿಗೆ, ರೇಷ್ಮೆ ರೀಲಿಂಗ್ ಮಾಡೋರಿಗೆ ಚಿಕ್ಕ ಚಿಕ್ಕ ಜಾಹೀರಾತು ವಿಡಿಯೋ ಮಾಡ್ಕೊಡೋ ಕೆಲಸ ನಂದು. ಅಲಿಬಾಬಾದವರು 2025ರಲ್ಲಿ ಬಿಟ್ಟಿರೋ ವ್ಯಾನ್ 2.2 ಅನ್ನೋ, ಚಿತ್ರ ಕೊಟ್ರೆ ವಿಡಿಯೋ ಮಾಡೋ ಎಐ ಮಾಡೆಲ್‌ನ ಕಂಫಿಯುಐ ಅನ್ನೋ ಸಾಫ್ಟ್‌ವೇರ್ ಒಳಗೆ ಹಾಕ್ಕೊಂಡು ಸುಮಾರು ಸಮಯದಿಂದ ಓಡಿಸ್ತಿದೀನಿ. ದೊಡ್ಡ ಮಾಡೆಲ್, ಅಂದ್ರೆ 14ಬಿ ಇರೋದು, ಸಾಮಾನ್ಯವಾಗಿ 81 ಫ್ರೇಮ್ ಕೊಡುತ್ತೆ, ಸೆಕೆಂಡಿಗೆ 16 ಫ್ರೇಮ್ ಲೆಕ್ಕದಲ್ಲಿ 5 ಸೆಕೆಂಡ್. ನಮ್ ಗಿರಾಕಿಗಳಿಗೆ ಬೇಕಿರೋದು 15 ಸೆಕೆಂಡ್ ಹತ್ರ ಕಟ್ ಇಲ್ದೆ ಓಡೋ ಶಾಟು. ಹಂಗಾಗಿ ಒಂದು ಕ್ಲಿಪ್‌ನ ಕೊನೇ ಫ್ರೇಮ್ ತಗೊಂಡು ಅದನ್ನೇ ಮುಂದಿನ ಕ್ಲಿಪ್‌ಗೆ ಮೊದಲ ಚಿತ್ರ ಅಂತ ಕೊಟ್ಟು ಸೇರಿಸ್ತಾ ಹೋಗೋದು. ಈ ಕೆಲಸಕ್ಕೆ ಇದು ಎಷ್ಟರ ಮಟ್ಟಿಗೆ ಆಗುತ್ತೆ ಅನ್ನೋದಷ್ಟೇ ಇಲ್ಲಿ ಬರೀತೀನಿ.

ಒಂದು ಶಾಟ್ ಇಟ್ಕೊಂಡೇ ಹೇಳ್ತೀನಿ. ಚರಕದಲ್ಲಿ ರೇಷ್ಮೆ ನೂಲು ತೆಗೆಯೋದು, ಒಬ್ರು ಬಿಸಿನೀರಿನ ಹತ್ರ ಕೂತು ಗೂಡು ನೋಡ್ಕೊಳ್ತಾರೆ, ಇನ್ನೊಬ್ರು ಹ್ಯಾಂಡಲ್ ಹಿಡಿದು ರಾಟೆ ತಿರುಗಿಸ್ತಾರೆ, ಎಡಗಡೆ ಕಿಟಕಿಯಿಂದ ಬೆಳಗಿನ ಬಿಸಿಲು, ನೀರಿಂದ ಹಬೆ. ಯೂನಿಟ್‌ನವರನ್ನ ಕೇಳಿ ಫೋನಲ್ಲಿ ತೆಗೆದ ಫೋಟೋನೇ ಮೊದಲ ಚಿತ್ರ. ಮೊದಲ ಕ್ಲಿಪ್ ಚೆನ್ನಾಗೇ ಬಂತು. ಅದರ 81ನೇ ಫ್ರೇಮ್ ಕೊಟ್ಟು ಎರಡನೇದು ಮಾಡಿ ಅಂಟಿಸಿ ಅಲ್ಲಿ ರಾಟೆ ತಿರುಗಿಸೋ ಅಕ್ಕನಿಗೆ ತೋರಿಸಿದೆ. ನೋಡಿದ ತಕ್ಷಣ ಹೇಳಿದ್ರು, "ಮಧ್ಯದಲ್ಲಿ ನಿಂತು ಹಿಂದಕ್ಕೆ ತಿರುಗ್ತಲ್ಲಣ್ಣ, ಹಿಂಗ್ ತಿರುಗಿಸಿದ್ರೆ ನೂಲು ಉಳಿಯುತ್ತಾ?"

ಕಾರಣ ಸರಳ. ಒಂದು ಫ್ರೇಮ್ ಅಂದ್ರೆ ಬರೀ ಫೋಟೋ, ಅದರಲ್ಲಿ ವೇಗ ಇರಲ್ಲ, ದಿಕ್ಕೂ ಇರಲ್ಲ. ರಾಟೆ ಯಾವ ಕಡೆ ತಿರುಗ್ತಿತ್ತು ಅಂತ ಮಾಡೆಲ್‌ಗೆ ಗೊತ್ತಾಗೋದು ಚಿತ್ರದಲ್ಲಿರೋ ಸುಳಿವಿಂದ, ಇಲ್ಲಾ ನಾವು ಬರೆದ ಪ್ರಾಂಪ್ಟ್ ಇಂದ. ಇದು ಈ ಮಾಡೆಲ್ ಒಂದರ ವಿಷ್ಯ ಅಲ್ಲ, ಒಂದೇ ಚಿತ್ರದಿಂದ ಶುರು ಮಾಡೋ ಎಲ್ಲದರದ್ದೂ ಇದೇ ಕಥೆ. ಹ್ಯಾಂಡಲ್ ಪೂರ್ತಿ ಮೇಲೆ ಹೋಗಿ ಕೈ ನೆಟ್ಟಗಿರೋ ಫ್ರೇಮ್ ಕೊಟ್ರೆ ಎರಡು ಕಡೆಗೂ ತಿರುಗಬಹುದು ಅನ್ನೋ ಹಂಗಿರುತ್ತೆ.

ಅದಕ್ಕೇ ಕೊನೇ ಫ್ರೇಮೇ ಬೇಕು ಅಂತ ಹಠ ಹಿಡೀಬೇಡಿ. ಕೊನೇ ಅರ್ಧ ಸೆಕೆಂಡನ್ನ ಒಂದೊಂದೇ ಫ್ರೇಮ್ ನೋಡಿ, ಚಲನೆ ಇನ್ನೂ ನಡುವಲ್ಲಿರೋದು ಆರಿಸ್ಕೊಳ್ಳಿ. ಈ ಶಾಟ್‌ನಲ್ಲಿ 75ನೇ ಫ್ರೇಮಲ್ಲಿ ಹ್ಯಾಂಡಲ್ ಅರ್ಧ ಕೆಳಗಿಳಿದಿತ್ತು, ಮೊಣಕೈ ಬಗ್ಗಿತ್ತು, ಭುಜ ಮುಂದಕ್ಕೆ ವಾಲಿತ್ತು, ಒತ್ತಿ ಕೆಳಗೆ ತಳ್ತಿದಾರೆ ಅಂತ ಫೋಟೋ ನೋಡಿದ್ರೇ ಗೊತ್ತಾಗೋ ಹಂಗಿತ್ತು. ಆಮೇಲಿನ 6 ಫ್ರೇಮ್ ಕತ್ತರಿಸಿ ಬಿಸಾಕಿದೆ. ಎಂಪಿ4 ಇಂದ ತೆಗೆಯೋದಾದ್ರೆ ಎಣಿಕೆ ಸೊನ್ನೆಯಿಂದ ಶುರು, ಹಂಗಾಗಿ 75ನೇದಕ್ಕೆ 74:

```
ffmpeg -i a.mp4 -vf "select=eq(n\,74)" -frames:v 1 b.png
```

ಆದ್ರೆ ಸಾಧ್ಯ ಇದ್ರೆ ಎಂಪಿ4 ಆಗೋಕೆ ಮುಂಚೇನೇ ಕಂಫಿಯುಐ ಒಳಗೇ ಆ ಫ್ರೇಮನ್ನ ಪಿಎನ್‌ಜಿ ಆಗಿ ಸೇವ್ ಮಾಡ್ಕೊಳ್ಳಿ. ವಿಡಿಯೋ ಒತ್ತಿ ಚಿಕ್ಕದು ಮಾಡುವಾಗ ಹಬೆ, ತೆಳು ನೂಲು ಇಂಥವೇ ಮೊದಲು ಹಾಳಾಗೋದು, ಆ ಹಾಳಾಗಿರೋದನ್ನ ಮುಂದಿನ ಕ್ಲಿಪ್ ನಿಜ ಅಂತ ತಗೊಂಡು ಬೆಳೆಸುತ್ತೆ.

ಪ್ರಾಂಪ್ಟ್‌ನಲ್ಲಿ ಹೊಸ ಕಥೆ ಶುರು ಮಾಡ್ಬಾರ್ದು, ಆಗಲೇ ನಡೀತಿರೋದು ಮುಂದುವರೀತಿದೆ ಅಂತ ಬರೀಬೇಕು, ಬೆಳಕಿನ ಸಾಲನ್ನ ಎಲ್ಲಾ ಕ್ಲಿಪ್‌ಗೂ ಒಂದಕ್ಷರ ಬದಲಾಯಿಸ್ದೆ ಇಡಬೇಕು. ನಾನು ಹಾಕಿದ್ದು ಇದು:

```
The wheel keeps turning at the same steady speed,
the woman's right hand pushing the handle downward.
Steam drifts to the right. Static camera.
Soft morning sunlight from the window on the left.
```

ಕ್ಯಾಮೆರಾ ಅಲ್ಲಾಡ್ದೆ ಇರ್ಲಿ ಅಂತ ಬರೆದಿರೋದಕ್ಕೆ ಕಾರಣ ಇದೆ. ಮೊದಲ ಕ್ಲಿಪ್‌ನಲ್ಲಿ ಕ್ಯಾಮೆರಾ ನಿಧಾನಕ್ಕೆ ಹತ್ರ ಹೋಗ್ತಿದ್ರೆ ಎರಡನೇದರಲ್ಲಿ ಅದೇ ವೇಗ ಸಿಗೋದು ತುಂಬಾ ಕಷ್ಟ, ಸೇರಿಸಿದ ಜಾಗದಲ್ಲಿ ಇಡೀ ಪರದೆನೇ ಒಂದು ಸಲ ತಡವರಿಸಿದಂಗಾಗುತ್ತೆ, ಅದು ಯಾರ ಕಣ್ಣಿಗಾದ್ರೂ ಬೀಳುತ್ತೆ. ಝೂಮ್ ಬೇಕಂದ್ರೆ ಮೂರೂ ಕ್ಲಿಪ್ ಸೇರಿಸಿದ ಮೇಲೆ ಎಡಿಟಿಂಗ್‌ನಲ್ಲಿ ಒಟ್ಟಿಗೆ ಕೊಡಿ.

ಇಷ್ಟು ಮಾಡಿದ್ಮೇಲೆ ದಿಕ್ಕು ಸರಿ ಹೋಯ್ತು, ವೇಗ ಪೂರ್ತಿ ಸರಿ ಹೋಗಲಿಲ್ಲ. ಹೊಸ ಕ್ಲಿಪ್ ನಿಂತಿರೋ ಫೋಟೋ ಇಂದ ಏಳೋ ತರ ಮೊದಲ ಕೆಲವು ಫ್ರೇಮ್ ನಿಧಾನ ಇರುತ್ತೆ. ಎಡಿಟರ್‌ನಲ್ಲಿ ಆ ಶುರುವಿನ ಅರ್ಧ ಸೆಕೆಂಡನ್ನ ಮಾತ್ರ ಸ್ವಲ್ಪ ಜೋರು ಮಾಡ್ತೀನಿ, ಕಣ್ಣಲ್ಲೇ ನೋಡಿ. ಇನ್ನೊಂದು, ಎರಡನೇ ಕ್ಲಿಪ್‌ನ ಮೊದಲ ಫ್ರೇಮ್ ಅಂದ್ರೆ ನಾವೇ ಕೊಟ್ಟ ಚಿತ್ರ, ಅದನ್ನ ತೆಗೀದೆ ಅಂಟಿಸಿದ್ರೆ ಒಂದೇ ಚಿತ್ರ ಎರಡು ಸಲ ಬಂದು ಸಣ್ಣ ಬಿಕ್ಕಳಿಕೆ ತರ ಕಾಣುತ್ತೆ. ಮೊದಲನೇದರಿಂದ 75, ಎರಡನೇದರಲ್ಲೂ 75ಕ್ಕೇ ನಿಲ್ಲಿಸಿ ಮೊದಲನೇದು ಕಳೆದ್ರೆ 74, ಮೂರನೇದರಿಂದ 80, ಒಟ್ಟು 229 ಫ್ರೇಮ್, 14 ಸೆಕೆಂಡ್ ಚಿಲ್ಲರೆ.

ಈಗ ಬೆಳಕು. ನನ್ನ ಪ್ರಕಾರ ಈ ವಿಧಾನದ ನಿಜವಾದ ಮಿತಿ ಇಲ್ಲೇ ಇರೋದು. ಪ್ರತಿ ಸಲ ಚಿತ್ರ ಮಾಡೆಲ್ ಒಳಗೆ ಹೋಗಿ ಆಚೆ ಬರುವಾಗ ಬಣ್ಣ ಒಂಚೂರು ಜರುಗುತ್ತೆ. ಒಂದು ಕ್ಲಿಪ್ ಒಳಗೆ ಗೊತ್ತೇ ಆಗಲ್ಲ, ಮೂರನೇದಕ್ಕೆ ಬರೋ ಹೊತ್ತಿಗೆ ಕಾಂಟ್ರಾಸ್ಟ್ ಏರಿ, ಗೋಡೆ ಹಳದಿ ಆಗಿ, ಅಕ್ಕನ ಮುಖ ಮೇಣ ಹಚ್ಚಿದಂಗೆ ನುಣ್ಣಗಾಗಿತ್ತು. ಹಿಡಿಯೋಕೆ ಒಳ್ಳೇ ದಾರಿ ಆ ಎರಡು ಸಲ ಬರೋ ಫ್ರೇಮೇ. ಹಳೇ ಕ್ಲಿಪ್‌ನ 75ನೇದು, ಹೊಸ ಕ್ಲಿಪ್‌ನ 1ನೇದು ಎರಡೂ ಒಂದೇ ಚಿತ್ರ ಇರಬೇಕು, ಪಕ್ಕಪಕ್ಕ ಇಟ್ಟಾಗ ಕಾಣೋ ವ್ಯತ್ಯಾಸ ಏನಿದ್ಯೋ ಅದೇ ಜರುಗಿರೋ ಬಣ್ಣ. ಹೊಸದರ ಮೊದಲ ಫ್ರೇಮ್ ಹಳೇದಕ್ಕೆ ಹೊಂದೋ ಹಂಗೆ ಸರಿ ಮಾಡಿ, ಅದೇ ತಿದ್ದುಪಡಿಯನ್ನ ಇಡೀ ಹೊಸ ಕ್ಲಿಪ್‌ಗೆ ಹಾಕ್ತೀನಿ. ಒಂದೊಂದು ಫ್ರೇಮ್‌ಗೂ ಬೇರೆ ಬೇರೆ ಆಟೋಮ್ಯಾಟಿಕ್ ಮ್ಯಾಚ್ ಹಾಕಿದ್ರೆ ಹಬೆ ಎದ್ದಾಗೆಲ್ಲ ಇಡೀ ಕೋಣೆ ಬೆಳಕು ಮಿಣುಕುತ್ತೆ. ಕ್ಲಿಪ್ ಒಳಗೇ ನಿಧಾನಕ್ಕೆ ಜರುಗಿರೋದು ಈ ತಿದ್ದುಪಡಿಗೆ ಸಿಗಲ್ಲ, ಅದಕ್ಕೆ ಮೂರನೇದಕ್ಕೆ ಕೊಡೋ ಫ್ರೇಮನ್ನ ಮೊದಲ ಫೋಟೋ ಪಕ್ಕ ಇಟ್ಟು ನೋಡಿ, ಗೋಡೆ ಬಣ್ಣ ಸರಿ ಮಾಡಿ ಆಮೇಲೆ ಕೊಡ್ಬೇಕು.

ನುಣ್ಣಗಾದ ಮುಖ ಮಾತ್ರ ಬಣ್ಣ ತಿದ್ದಿದ್ರೆ ವಾಪಸ್ ಬರಲ್ಲ, ಕಳೆದುಹೋದ ವಿವರ ಕಳೆದುಹೋದಂಗೇ. ಹಾಗಾಗಿ ಮೂರು ಕ್ಲಿಪ್‌ಗಿಂತ ಮುಂದೆ ನಾನು ಎಳೆಯಲ್ಲ, ಬೇರೆ ಕೋನದ ಶಾಟ್‌ಗೆ ಕಟ್ ಮಾಡ್ತೀನಿ.

ಫ್ರೇಮ್ ಆರಿಸುವಾಗ ಇನ್ನೊಂದು ನೋಡ್ಲೇಬೇಕು, ಏನು ಮರೆಯಾಗಿದೆ ಅಂತ. ಕೊಟ್ಟ ಚಿತ್ರದಲ್ಲಿ ಇಲ್ಲದ್ದು ಮುಂದಿನ ಕ್ಲಿಪ್‌ಗೆ ಗೊತ್ತೇ ಇರಲ್ಲ. ಕೈ ರಾಟೆ ಹಿಂದೆ ಇದ್ದಾಗ ಸೇರಿಸಿದ್ರೆ ಆಚೆ ಬರುವಾಗ ಹಸಿರು ಗಾಜಿನ ಬಳೆ ಹೋಗಿ ಚಿನ್ನದ ಬಳೆ ಬಂದಿರುತ್ತೆ, ಮುಖ ಪಕ್ಕಕ್ಕೆ ತಿರುಗಿದ್ರೆ ವಾಪಸ್ ತಿರುಗೋದು ಬೇರೆ ಯಾರೋ. ಚಲನೆಗೆ ಚೆನ್ನಾಗಿರೋ ಫ್ರೇಮಲ್ಲಿ ಬಳೆ ಮರೆಯಾಗಿದ್ರೆ ನಾನು ಬಳೆ ಕಾಣೋ ಫ್ರೇಮೇ ತಗೊಳ್ತೀನಿ, ವೇಗ ಆಮೇಲೆ ತಿದ್ದಬಹುದು, ಬಳೆ ತಿದ್ದೋಕಾಗಲ್ಲ.

ಚಲನೆನೇ ಮುಖ್ಯ ಆಗಿರೋ ಶಾಟ್, ಉದಾಹರಣೆಗೆ ನಂದಿಬೆಟ್ಟದ ತಿರುವಲ್ಲಿ ಬೈಕು ಬರೋದು, ಅಂಥದ್ದಕ್ಕೆ ಒಂದು ಫ್ರೇಮ್ ಸಾಲಲ್ಲ. ಇದರ ಹಿಂದಿನ ವ್ಯಾನ್ 2.1ಕ್ಕೆ ಬಂದಿರೋ ವೇಸ್ ಅನ್ನೋ ಮಾಡೆಲ್‌ನಲ್ಲಿ ಕೊನೇ ಹತ್ತು ಹದಿನೈದು ಫ್ರೇಮ್ ಒಟ್ಟಿಗೆ ಕೊಡಬಹುದು, ಆಗ ದಿಕ್ಕು ವೇಗ ಎರಡೂ ಮಾಡೆಲ್‌ಗೆ ಚಿತ್ರದಲ್ಲೇ ಸಿಗುತ್ತೆ. ಸೆಟ್ಟಿಂಗ್ ಜಾಸ್ತಿ, ಬಣ್ಣ ಜರುಗೋದು ಅಲ್ಲೂ ಇದೆ. ಚರಕ, ದೀಪ, ಸೆರಗು ಹಾರೋದು, ಹಬೆ ಏಳೋದು, ಇಂಥ ಶಾಟ್‌ಗಳಿಗೆ ನಾನು ಈಗ್ಲೂ ಒಂದು ಫ್ರೇಮ್ ದಾರೀಲೇ ಮಾಡ್ತಿರೋದು, ಅದಕ್ಕೆ 5ಕ್ಕೆ 4 ಕೊಡ್ತೀನಿ.