ಶನಿವಾರ ದುಡ್ಡು ಎಣಿಸೋ ಮುಂಚೆ ಗೀಟು ಎಣಿಸಿ

ದಾವಣಗೆರೆಯಲ್ಲಿ ಗಾರೆ ಕೆಲಸಕ್ಕೆ ಹೋಗುವವರು ಇದನ್ನು ಓದಿ. ಅದರಲ್ಲೂ ಒಬ್ಬನೇ ಮೇಸ್ತ್ರಿ ಎರಡು ಮೂರು ಸೈಟು ನೋಡಿಕೊಳ್ಳುವ ಕಡೆ ಇದ್ದರೆ ಹಾಜರಿ ಪುಸ್ತಕದ ಮೇಲೆ ಕಣ್ಣಿಡಿ. ವಿದ್ಯಾನಗರದ ಕಡೆ ಒಂದು ಮನೆ ಕೆಲಸದಲ್ಲಿ ನನ್ನ ಒಂದು ದಿನದ ಕೂಲಿ ಹಾಗೇ ಹೋಯಿತು.

ಹಾಜರಿ ಹಾಕುವುದು ಹೇಗೆ ಅಂತ ಗೊತ್ತಲ್ವಾ? ಬೆಳಿಗ್ಗೆ ಬಂದಾಗ ಹೆಸರಿನ ಮುಂದೆ ಒಂದು ಓರೆ ಗೀಟು. ಸಂಜೆವರೆಗೆ ದುಡಿದರೆ ಅದರ ಮೇಲೆ ಇನ್ನೊಂದು ಎಳೆದು ಇಂಟು ಮಾಡುತ್ತಾರೆ. ಇಂಟು ಪೂರ್ತಿ ದಿನ, ಬರೀ ಗೀಟು ಅರ್ಧ ದಿನ. ಸಂಜೆ ಹೊತ್ತಿಗೆ ಮೇಸ್ತ್ರಿ ಬೇರೆ ಸೈಟಿಗೆ ಹೋಗಿಬಿಟ್ಟರೆ ಎರಡನೇ ಗೀಟು ಬೀಳುವುದೇ ಇಲ್ಲ. ನೀವು ದುಡಿದ ಪೂರ್ತಿ ದಿನ ಪುಸ್ತಕದಲ್ಲಿ ಅರ್ಧವಾಗಿಯೇ ಉಳಿಯುತ್ತದೆ.

ನನ್ನ ಕೂಲಿ ದಿನಕ್ಕೆ 700 ರೂಪಾಯಿ. ಆ ವಾರ ಬುಧವಾರ ಎಂ ಸ್ಯಾಂಡ್ ಲಾರಿ ಬರಲಿಲ್ಲ ಅಂತ ಮಧ್ಯಾಹ್ನಕ್ಕೇ ಕಳಿಸಿದರು. ಉಳಿದ ಐದು ದಿನ ಪೂರ್ತಿ ಕೆಲಸ. ಒಟ್ಟು ಐದೂವರೆ ದಿನ, 3,850 ರೂಪಾಯಿ. ನಡುವೆ ಖರ್ಚಿಗೆ 500 ಈಸಿಕೊಂಡಿದ್ದೆ. ಕೈಗೆ 3,350 ಬರಬೇಕಿತ್ತು. ಬಟವಾಡೆಯಲ್ಲಿ ಕೊಟ್ಟಿದ್ದು 2,650. ಕೇಳಿದರೆ, "ಬುಕ್ಕಿನಾಗೆ ಏನೈತೋ ಅದೇ ಲೆಕ್ಕ ಕಣಪ್ಪ" ಅಂದರು. ನೋಡಿದರೆ ಮಂಗಳವಾರ, ಶುಕ್ರವಾರ ಎರಡೂ ದಿನ ಒಂಟಿ ಗೀಟು!

ಲೆಕ್ಕ ಸುಲಭವಾಗಬೇಕಾದರೆ ದಿನ ಎಣಿಸಬೇಡಿ, ಗೀಟು ಎಣಿಸಿ. ಇಂಟುವಿಗೆ ಎರಡು, ಒಂಟಿಗೆ ಒಂದು. ಬಂದಿದ್ದನ್ನು ಅರ್ಧ ದಿನದ ಕೂಲಿಯಿಂದ ಗುಣಿಸಿ. ನನಗೆ ಹನ್ನೊಂದು ಗೀಟು ಇರಬೇಕಿತ್ತು, 350ರಂತೆ 3,850. ಇದ್ದಿದ್ದು ಒಂಬತ್ತು, ಅಂದರೆ 3,150. ಕಾಲು, ಅರ್ಧದ ಗೊಂದಲವೇ ಇರುವುದಿಲ್ಲ. ಮುಂಗಡವನ್ನು ಮಾತ್ರ ಕೊನೆಗೆ ಕಳೆಯಿರಿ. ಹಾಜರಿಯಲ್ಲೇ ಅರ್ಧ ದಿನ ಮುರಿದು ಮುಂಗಡಕ್ಕೆ ಸರಿಮಾಡಿದರೆ ಆಮೇಲೆ ಯಾವುದು ಏನು ಅಂತ ಯಾರಿಗೂ ತಿಳಿಯುವುದಿಲ್ಲ.

ಇನ್ನು ಆ ಬುಧವಾರದ ಅರ್ಧ. ಸಾಮಾನು ಬರದೆ ಮಾಲೀಕರೇ ಕೆಲಸ ನಿಲ್ಲಿಸಿದರೆ, ಕೆಲಸಕ್ಕೆ ಬಂದವನಿಗೆ ಪೂರ್ತಿ ದಿನದ ಕೂಲಿ ಕೊಡಬೇಕು ಅಂತ 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ನಾವೇ ಬೇಡ ಅಂತ ಎದ್ದು ಹೋದರೆ ಆ ಮಾತು ಬೇರೆ. ಸೈಟಿನಲ್ಲಿ ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ ಬಿಡಿ.

ಸ್ಲ್ಯಾಬ್ ಹಾಕುವ ದಿನ ರಾತ್ರಿಯಾಗುತ್ತದೆ, ಒಂದೂವರೆ ಹಾಜರಿ ಅಂತ ಬಾಯಲ್ಲಿ ಒಪ್ಪಿರುತ್ತಾರೆ. ಆದರೆ ಇಂಟುವಿನಲ್ಲಿ ಒಂದೂವರೆಗೆ ಜಾಗವಿಲ್ಲ. ಅವತ್ತೇ ಪಕ್ಕದಲ್ಲಿ 1½ ಅಂತ ಅಂಕಿಯಲ್ಲಿ ಬರೆಸಿಕೊಳ್ಳಿ.

ಸಂಜೆ ಕೈಕಾಲು ತೊಳೆಯುವ ಮುಂಚೆ ಎರಡನೇ ಗೀಟು ಹಾಕಿಸಿ. ಮೇಸ್ತ್ರಿ ಇಲ್ಲದಿದ್ದರೆ ಅವರ ವಾಟ್ಸಾಪ್‌ಗೆ ಆಗಲೇ ಒಂದು ಮೆಸೇಜು ಹಾಕಿ, ಟೈಮು ಅದರಲ್ಲೇ ಇರುತ್ತದೆ. "ಮುಂದಿನ ವಾರ ಸರಿ ಮಾಡ್ತೀನಿ" ಅಂದರೆ ಬಾಕಿಯನ್ನು ಮುಂದಿನ ವಾರದ ಹಾಳೆಯ ತಲೆಯಲ್ಲೇ ಬರೆಸಿ. ನನಗೂ ಹಾಗೇ ಅಂದಿದ್ದರು. ಹೊಸ ವಾರಕ್ಕೆ ಹೊಸ ಪುಸ್ತಕ ಬಂತು, ಹಳೆಯದು ಎಲ್ಲಿ ಅಂತ ಕೇಳಿದರೆ ಮನೆಯಲ್ಲಿದೆ ಅಂದರು. ಆ 700 ಇನ್ನೂ ಬಂದಿಲ್ಲ.