ಲೋನ್ ಏಜೆಂಟ್ ಕೈಗೆ ಸ್ಯಾಲರಿ ಸ್ಲಿಪ್ ಕೊಡೋ ಮುಂಚೆ ಇದನ್ನ ಓದಿ

ಈಗಲೂ ಮೈ ಉರೀತಿದೆ. ನನ್ನ ಸಂಬಳ 24,000. ಪಿಎಫ್ 1,440 ಕಳೆದು ಖಾತೆಗೆ ಬರೋದು 22,560. ಅಷ್ಟಕ್ಕೇ ಸ್ಲಿಪ್, ಅಷ್ಟಕ್ಕೇ ಸ್ಟೇಟ್‌ಮೆಂಟ್ ಕೊಟ್ಟಿದ್ದೆ. 4 ಲಕ್ಷ ಪರ್ಸನಲ್ ಲೋನ್ ಮಾಡಿಸಿಕೊಡ್ತೀನಿ ಅಂತ ಏಜೆಂಟ್ 3,000 ಫೈಲ್ ಚಾರ್ಜ್ ತಗೊಂಡ.

ಬ್ಯಾಂಕಿಂದ ಕರೆ ಬಂತು. ಹೋದ್ರೆ ಮೇಡಂ ನನ್ನ ಫೈಲ್ ತಿರುಗಿಸಿ ತೋರಿಸಿದ್ರು. ಸ್ಲಿಪ್ಪಲ್ಲಿ ನನ್ನ ಹೆಸರು, ನಮ್ಮ ಕಂಪನಿ ಸೀಲು, ಸಂಬಳ 41,000! "ಇದು ನಿಮ್ದೇನಾ?" ಅಂತ ಎಲ್ಲರ ಎದುರಿಗೇ ಕೇಳಿದ್ರು. ಹಿಂದೆ ಕೂತವರೆಲ್ಲ ನನ್ನನ್ನೇ ನೋಡ್ತಿದ್ರು. ಕಳ್ಳನ ಥರ ನಿಂತಿದ್ದೆ. ಅರ್ಜಿ ಮೇಲಿನ ಸಹಿ ನಂದೇ, ಅದರ ಹಿಂದಿನ ಹಾಳೆಗಳನ್ನ ಅವನು ಬದಲಾಯಿಸಿಬಿಟ್ಟಿದ್ದ.

ಹೇಗೆ ಸಿಕ್ಕಿಬಿತ್ತು ಅಂತ ಮೇಡಮ್ಮೇ ಹೇಳಿದ್ರು. ಕರ್ನಾಟಕದಲ್ಲಿ ಸಂಬಳ 25,000 ಮುಟ್ಟಿದ್ರೆ ವೃತ್ತಿ ತೆರಿಗೆ ಕಡಿತ ಆಗ್ಬೇಕು. 41,000ದ ಸ್ಲಿಪ್ಪಲ್ಲಿ ಆ ಸಾಲೇ ಇಲ್ಲ. ಬೇಸಿಕ್ಕನ್ನ 20,500 ಮಾಡಿದಾನೆ, ಪಿಎಫ್ ಮಾತ್ರ ಹಳೇ 1,440! ಸ್ಟೇಟ್‌ಮೆಂಟಲ್ಲಿ ಜಮೆ 39,560 ಅಂತ ತಿದ್ದಿದಾನೆ, ಪಕ್ಕದ ಬ್ಯಾಲೆನ್ಸ್ ತಿದ್ದಿಲ್ಲ. ಪ್ರತಿ ತಿಂಗಳೂ ಸರಿಯಾಗಿ 17,000 ವ್ಯತ್ಯಾಸ. ಇದನ್ನ ಬ್ಯಾಂಕಿನ ಸಾಫ್ಟ್‌ವೇರೇ ಹಿಡಿಯುತ್ತೆ.

ಹೊರಗೆ ಬಂದು ಅವನಿಗೆ ಫೋನ್ ಮಾಡಿದೆ. "ಟೆನ್ಷನ್ ತಗೋಬೇಡಿ ಸರ್, ಫೈಲ್ ಸ್ಟ್ರಾಂಗ್ ಮಾಡಿದ್ದು ನಿಮಗೋಸ್ಕರಾನೇ." ನಾನು ಕೇಳಿದ್ನೇನಯ್ಯಾ? "ಎಲ್ರೂ ಮಾಡ್ತಾರೆ. ಇಎಂಐ ಸರಿಯಾಗಿ ಕಟ್ಟಿದ್ರೆ ಯಾರು ಕೇಳ್ತಾರೆ?" ಪೊಲೀಸರಿಗೆ ಹೇಳ್ತೀನಿ ಅಂದ ತಕ್ಷಣ ದನಿಯೇ ಬದಲಾಯ್ತು: "ಹೇಳಿ. ಸಹಿ ನಿಮ್ದಲ್ವಾ?"

ಆ ಮಾತಿಗೇ ನನ್ನ ನಿದ್ದೆ ಕೆಟ್ಟಿದ್ದು. ವಂಚನೆಗೆ ಅಂತ ದಾಖಲೆ ಸೃಷ್ಟಿಸಿದ್ರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 336(3)ರಲ್ಲಿ 7 ವರ್ಷದವರೆಗೆ ಜೈಲು, ದಂಡ. ಸುಳ್ಳು ಅಂತ ಗೊತ್ತಿದ್ದೂ ಆ ಕಾಗದ ಬಳಸಿದವನಿಗೆ 340(2), ಅಷ್ಟೇ ಶಿಕ್ಷೆ. ಕಂತು ಸರಿಯಾಗಿ ಕಟ್ಟಿದೆ ಅನ್ನೋದು ಇಲ್ಲಿ ನಡೆಯಲ್ಲ. ನಾನು ಅಸಲಿ ಸ್ಲಿಪ್ ವಾಟ್ಸಾಪಲ್ಲಿ ಕಳಿಸಿದ್ದು ಉಳಿದಿತ್ತು, ಅದನ್ನ ತೋರಿಸಿ ಲಿಖಿತ ದೂರು ಕೊಟ್ಟೆ, ಬ್ಯಾಂಕಿಗೂ ಠಾಣೆಗೂ. ಅರ್ಜಿ ವಾಪಸ್ ತಗೊಂಡೆ.

ಸಂಬಳ ಸಾಲದಿದ್ರೆ ದಾರಿ ಇಲ್ಲ ಅಂತಲ್ಲ. ಮೊತ್ತ ಇಳಿಸಿ ಕೇಳಿ. ದುಡಿಯೋ ಹೆಂಡತಿ ಅಥವಾ ಗಂಡನನ್ನ ಸಹ ಅರ್ಜಿದಾರರಾಗಿ ಸೇರಿಸಿದ್ರೆ ಇಬ್ಬರ ಆದಾಯವೂ ಲೆಕ್ಕಕ್ಕೆ ಬರುತ್ತೆ. ಒಡವೆ ಇದ್ರೆ ಗೋಲ್ಡ್ ಲೋನ್, ಎಫ್‌ಡಿ ಇದ್ರೆ ಅದರ ಮೇಲೆ ಸಾಲ, ಅಲ್ಲಿ ಸ್ಯಾಲರಿ ಸ್ಲಿಪ್ಪಿನ ಗೋಳು ಅಷ್ಟಿಲ್ಲ. ಸ್ಟೇಟ್‌ಮೆಂಟನ್ನ ಅಕೌಂಟ್ ಅಗ್ರಿಗೇಟರ್ ಮೂಲಕ ಕೊಡಿ. ನೀವು ಫೋನಲ್ಲಿ ಒಪ್ಪಿಗೆ ಕೊಟ್ರೆ ನಿಮ್ಮ ಬ್ಯಾಂಕಿಂದ ಸಾಲ ಕೊಡೋ ಬ್ಯಾಂಕಿಗೆ ನೇರ ಹೋಗುತ್ತೆ, ನಡುವೆ ಯಾರ ಕೈಯೂ ತಾಗಲ್ಲ. ಏಜೆಂಟ್ ಬೇಕೇ ಬೇಕು ಅಂದ್ರೆ ಸಲ್ಲಿಸೋ ಮುಂಚೆ ಪೂರ್ತಿ ಫೈಲಿನ ಪ್ರತಿ ಕೇಳಿ, ಎಲ್ಲಾ ಹಾಳೆ ನೋಡಿ. ಕೊಡಲ್ಲ ಅಂದ್ರೆ ಎದ್ದು ಬನ್ನಿ.

ಆ ಮನುಷ್ಯ ಇವತ್ತೂ "ಸಂಬಳ ಕಮ್ಮಿ ಇದ್ರೂ ಲೋನ್ ಗ್ಯಾರಂಟಿ" ಅಂತ ಸ್ಟೇಟಸ್ ಹಾಕಿದಾನೆ. ನನ್ನ 3,000 ವಾಪಸ್ ಕೊಟ್ಟಿಲ್ಲ.