ಕ್ಯಾಸ್9: ಪ್ಲಾಸ್ಮಿಡ್ ಒಳ್ಳೆಯದಾ, ರೆಡಿ ಪ್ರೋಟೀನ್ ಒಳ್ಳೆಯದಾ?

ನಾನೀಗ ಕ್ರಿಸ್ಪರ್ ಕೆಲಸಕ್ಕೆ, ಅಂದರೆ ಕೋಶದ ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸಿ ಬದಲಿಸೋದಕ್ಕೆ, ಕತ್ತರಿಯ ಕೆಲಸ ಮಾಡುವ ಕ್ಯಾಸ್9 ಪ್ರೋಟೀನನ್ನು ರೆಡಿಯಾಗೇ ತರಿಸುತ್ತೇನೆ, ಜೊತೆಗೆ ಅದಕ್ಕೆ ಜಾಗ ತೋರಿಸುವ ರೆಡಿ ಗೈಡ್ ಆರ್‌ಎನ್‌ಎ. ದುಬಾರಿ, ನಿಜ. ಬೆಳಗಾವಿಯ ನಮ್ಮ ಚಿಕ್ಕ ಲ್ಯಾಬಿನಲ್ಲಿ ಮೊದಲು ಇದೇ ಕೆಲಸವನ್ನು ಪ್ಲಾಸ್ಮಿಡ್, ಅಂದರೆ ಕ್ಯಾಸ್9 ಮತ್ತು ಗೈಡ್ ಮಾಡುವ ಸೂಚನೆ ಇರುವ ಡಿಎನ್‌ಎ ಉಂಗುರ, ಹಾಕಿ ಮಾಡಿದ್ದೆ. ಎರಡೂ ಸಲ ಅದೇ ಎಚ್‌ಇಕೆ293 ಎಂಬ ಮನುಷ್ಯ ಕೋಶಗಳು, ಅದೇ ಇಎಮ್‌ಎಕ್ಸ್1 ಜೀನ್, ಅದೇ ಗೈಡ್.

ಪ್ಲಾಸ್ಮಿಡ್‌ನ ದೊಡ್ಡ ತಲೆನೋವು ಒಂದೇ: ಅದು ಕತ್ತರಿಸೋದನ್ನು ನಿಲ್ಲಿಸೋದಿಲ್ಲ. ಯಾಕೆ ಅಂತ ತಿಳಿಯಲು ಈ ಎರಡು ಸಾಲು ನೋಡಿ. ಮೇಲಿನದು ನಮಗೆ ಬೇಕಾದ ಜಾಗ. ಕೆಳಗಿನದು ಬೇರೆ ಕ್ರೋಮೋಸೋಮ್‌ನಲ್ಲಿರುವ, ಅದರ ಹಾಗೇ ಕಾಣುವ ಜಾಗ. ಗೆರೆ ಇರುವಲ್ಲಿ ಡಿಎನ್‌ಎಯ ಎರಡೂ ಎಳೆ ತುಂಡಾಗುತ್ತವೆ.

```
GAGTCCGAGCAGAAGAA|GAA GGG
GAGTTAGAGCAGAAGAA|GAA AGG
```

ಮೊದಲ 20 ಅಕ್ಷರಗಳಿಗೆ ಗೈಡ್ ಅಂಟಿಕೊಳ್ಳುತ್ತದೆ. ಕೊನೆಯ ಮೂರು ಅಕ್ಷರ ಪ್ಯಾಮ್. ಅಲ್ಲಿ `NGG`, ಅಂದರೆ ಯಾವುದಾದರೊಂದು ಅಕ್ಷರ ಮತ್ತು ಎರಡು G, ಇಲ್ಲದಿದ್ದರೆ ಕ್ಯಾಸ್9 ಡಿಎನ್‌ಎಯನ್ನು ಬಿಡಿಸಿ ನೋಡುವುದೇ ಇಲ್ಲ. ಪ್ಯಾಮ್ ಸಿಕ್ಕರೆ ಅದರ ಪಕ್ಕದಿಂದ ಹಿಂದಕ್ಕೆ ಅಕ್ಷರಗಳನ್ನು ಹೊಂದಿಸುತ್ತಾ ಹೋಗುತ್ತದೆ. ಹಾಗಾಗಿ ಪ್ಯಾಮ್ ಹತ್ತಿರದ ಹತ್ತು-ಹನ್ನೆರಡು ಅಕ್ಷರ ಸರಿ ಇರಲೇಬೇಕು, ದೂರದಲ್ಲಿ ಒಂದೆರಡು ತಪ್ಪಿದ್ದರೂ ಸಹಿಸಿಕೊಳ್ಳುತ್ತದೆ. ಕೆಳಗಿನ ಸಾಲಿನಲ್ಲಿ ತಪ್ಪಿರುವುದು 5 ಮತ್ತು 6ನೇ ಅಕ್ಷರ ಮಾತ್ರ, ಎರಡೂ ಪ್ಯಾಮ್‌ನಿಂದ ದೂರ. ಇಂಥ ಜಾಗ ನಿಧಾನವಾಗಿ ತುಂಡಾಗುತ್ತದೆ, ಆದರೆ ಸಮಯ ಕೊಟ್ಟರೆ ತುಂಡಾಗೇ ಆಗುತ್ತದೆ.

ಪ್ಲಾಸ್ಮಿಡ್ ಕೊಡೋದು ಆ ಸಮಯವನ್ನೇ. ಕೋಶ ಅದನ್ನು ಓದಿ ದಿನಗಟ್ಟಲೆ ಹೊಸ ಹೊಸ ಕ್ಯಾಸ್9 ಮಾಡುತ್ತಲೇ ಇರುತ್ತದೆ. ರೆಡಿ ಪ್ರೋಟೀನ್ ಒಳಗೆ ಹೋದ ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುತ್ತದೆ, ಸುಮಾರು ಒಂದು ದಿನದಲ್ಲಿ ಕೋಶವೇ ಅದನ್ನು ಕರಗಿಸಿಬಿಡುತ್ತದೆ. ಎರಡೂ ಜಾಗಗಳನ್ನು ಪಿಸಿಆರ್ ಮಾಡಿ ಸೀಕ್ವೆನ್ಸಿಂಗ್‌ಗೆ ಕಳಿಸಿದೆ. ಬೇಕಾದ ಜಾಗದಲ್ಲಿ, ಗೆರೆ ದಾಟಿದ ಕೂಡಲೇ ಒಂದರ ಮೇಲೊಂದು ಪೀಕ್, ಎರಡೂ ವಿಧಾನದಲ್ಲಿ; ಅಂದರೆ ಅಲ್ಲಿ ಕಟ್ ಆಗಿ ಬೇರೆ ಬೇರೆ ಕೋಶಗಳ ಅಕ್ಷರಗಳು ಬೇರೆ ಬೇರೆಯಾಗಿವೆ. ಬೇಡದ ಜಾಗದಲ್ಲಿ ಪ್ಲಾಸ್ಮಿಡ್ ಸ್ಯಾಂಪಲ್ ಹಾಗೇ ಗೋಜಲಾಗಿತ್ತು, ಪ್ರೋಟೀನ್ ಸ್ಯಾಂಪಲ್‌ನ ಪೀಕ್‌ಗಳು ಬಿಡಿಬಿಡಿಯಾಗಿ ಚೊಕ್ಕವಾಗಿದ್ದವು. ನೂರರಲ್ಲಿ ಒಂದೆರಡು ತಪ್ಪು ಈ ಮಾಮೂಲಿ ಸೀಕ್ವೆನ್ಸಿಂಗ್‌ನಲ್ಲಿ ಕಾಣೋದಿಲ್ಲ, ಅದಕ್ಕೆ ಡೀಪ್ ಸೀಕ್ವೆನ್ಸಿಂಗೇ ಬೇಕು. ಆದರೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇತ್ತು.

ರಿಪೇರಿಯಲ್ಲೂ ಇದೇ ಕಥೆ. ತುಂಡಾದ ಡಿಎನ್‌ಎ ತುದಿಗಳನ್ನು ಕೋಶ ಸಾಮಾನ್ಯವಾಗಿ ಹಾಗೇ ಹಿಡಿದು ಅಂಟಿಸುತ್ತದೆ. ಇದು ಎನ್‌ಎಚ್‌ಇಜೆ. ಸರಿಯಾಗಿ ಅಂಟಿಸಿದರೆ ಹಳೇ ಅಕ್ಷರಗಳೇ ವಾಪಸ್ ಬಂದವು, ಅಂದರೆ ಕ್ಯಾಸ್9ಗೆ ಗುರಿಯೂ ವಾಪಸ್ ಸಿಕ್ಕಿತು. ಮತ್ತೆ ಕಟ್, ಮತ್ತೆ ಅಂಟು, ಒಂದು ಅಕ್ಷರ ಜಾಸ್ತಿಯೋ ಕಡಿಮೆಯೋ ಆಗುವ ತನಕ. ಜೀನ್ ಕೆಡಿಸೋದಷ್ಟೇ ಗುರಿಯಾದರೆ ಇದು ಅನುಕೂಲವೇ.

ನನಗೆ ಬೇಕಿದ್ದದ್ದು ಅದಲ್ಲ. ಗೆರೆಯ ಜಾಗದಲ್ಲಿ `AAGCTT` ಸೇರಿಸಬೇಕಿತ್ತು. ಅದಕ್ಕೆ ಎರಡೂ ಬದಿ ಹೊಂದುವ ಒಂಟಿ ಎಳೆಯ ಡಿಎನ್‌ಎ ತುಂಡನ್ನು ಮಾದರಿಯಾಗಿ ಕೊಡಬೇಕು. ಕೋಶ ಅದನ್ನು ನೋಡಿ ರಿಪೇರಿ ಮಾಡಿದರೆ ಎಚ್‌ಡಿಆರ್. ಇದು ಮುಖ್ಯವಾಗಿ ಕೋಶ ತನ್ನ ಡಿಎನ್‌ಎ ನಕಲು ಮಾಡುವಾಗ ಮತ್ತು ಅದಾದ ಮೇಲೆ ಮಾತ್ರ ನಡೆಯುತ್ತದೆ. ಎನ್‌ಎಚ್‌ಇಜೆಗೆ ಅಂಥ ಕಾಲದ ಕಟ್ಟುಪಾಡಿಲ್ಲ, ಅದಕ್ಕೇ ಹೆಚ್ಚಾಗಿ ಗೆಲ್ಲೋದು ಅದೇ. ಇಲ್ಲೊಂದು ಅನುಕೂಲ ಇದೆ: `AAGCTT` ಕೂತರೆ ಗೈಡ್‌ನ ಗುರಿ ನಡುವೆಯೇ ಒಡೆಯುತ್ತದೆ, ಮತ್ತೆ ಕಟ್ ಆಗೋದಿಲ್ಲ. ಒಂದೇ ಅಕ್ಷರ ಬದಲಿಸುವವರು ಮಾದರಿಯಲ್ಲೇ ಪ್ಯಾಮ್ ಅನ್ನೂ ಕೆಡಿಸಬೇಕು, ಇಲ್ಲಾಂದ್ರೆ ಕ್ಯಾಸ್9 ಅದನ್ನೂ ಕತ್ತರಿಸುತ್ತದೆ.

ಸೇರಿದೆಯಾ ಅಂತ ನೋಡೋದು ಸುಲಭ. ಪಿಸಿಆರ್ ತುಂಡಿಗೆ `AAGCTT` ಇರುವಲ್ಲಿ ಕತ್ತರಿಸುವ ಹಿಂಡ್-ತ್ರೀ ಎನ್‌ಜೈಮ್ ಹಾಕಿದರೆ, ಸೇರಿದ್ದು ಮಾತ್ರ ಎರಡು ಬ್ಯಾಂಡ್ ಆಗಿ ಜೆಲ್‌ನಲ್ಲಿ ಕೆಳಗೆ ಇಳಿಯುತ್ತದೆ. ಆ ಬ್ಯಾಂಡ್‌ಗಳು ಎರಡೂ ವಿಧಾನದಲ್ಲಿ ಬಂದವು. ಪ್ಲಾಸ್ಮಿಡ್ ಬಳಸಿದವರು ಇನ್ನೊಂದನ್ನೂ ಹುಡುಕಬೇಕು: ಎನ್‌ಎಚ್‌ಇಜೆ ಕೆಲವೊಮ್ಮೆ ಪ್ಲಾಸ್ಮಿಡ್‌ನ ತುಣುಕನ್ನೇ ಬಿರುಕಿಗೆ ಅಂಟಿಸಿಬಿಡುತ್ತದೆ.

ತಯಾರಿಯಲ್ಲಿ ಪ್ರೋಟೀನ್ ಮುಂದೆ. ಗೈಡ್ ಜೊತೆ ಬೆರೆಸಿ, ಫ್ರಿಜ್‌ನ ಹೊರಗಡೆ ಹತ್ತಿಪ್ಪತ್ತು ನಿಮಿಷ ಇಟ್ಟರೆ ಕೋಶಕ್ಕೆ ಹಾಕಬಹುದು. ಪ್ಲಾಸ್ಮಿಡ್‌ಗೆ ಗೈಡ್ ಸೇರಿಸಿ, ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಸೀಕ್ವೆನ್ಸ್ ನೋಡುವಷ್ಟರಲ್ಲಿ ವಾರ ಕಳೆಯುತ್ತದೆ.

ಸಾಗಾಟದಲ್ಲಿ ಪ್ಲಾಸ್ಮಿಡ್ ಮುಂದೆ. ಅದಕ್ಕೆ ಐಸ್ ಬೇಡ. ಪ್ರೋಟೀನನ್ನು ನಾನು ಸೋಮವಾರವೇ ಬೆಂಗಳೂರಿನಿಂದ ಹೊರಡಿಸುತ್ತೇನೆ, ಭಾನುವಾರ ಎಲ್ಲೋ ಗೋಡೌನ್‌ನಲ್ಲಿ ಕೂರಬಾರದು ಅಲ್ವಾ. ಇಲ್ಲಿ ಬಂದ ಮೇಲೆ ಸಣ್ಣ ಸಣ್ಣ ಪಾಲು ಮಾಡಿ, ಯುಪಿಎಸ್ ಇರುವ ಮೈನಸ್ 20 ಫ್ರೀಜರ್‌ನಲ್ಲಿಡುತ್ತೇನೆ.

ದುಡ್ಡಿನ ಮಾತು ಎತ್ತಿದ್ದು ಲ್ಯಾಬಿನ ಹುಡುಗ: "ಅಕ್ಕಾರ, ಪ್ಲಾಸ್ಮಿಡ್ ಒಮ್ಮೆ ತಂದ್ರ ಬೆಳೆಸ್ಕೋತ ಹೋಗಬಹುದಲ್ರಿ?" ಅವನು ಹೇಳಿದ್ದು ಸರಿ. ಹತ್ತಾರು ಗೈಡ್ ಪರೀಕ್ಷಿಸಿ ಒಂದನ್ನು ಆರಿಸೋ ಕೆಲಸವಾದರೆ ನಾನೂ ಪ್ಲಾಸ್ಮಿಡ್ಡನ್ನೇ ತೆಗೆದುಕೊಳ್ಳುತ್ತೇನೆ. ನಮ್ಮದು ವರ್ಷಕ್ಕೆ ಎರಡು-ಮೂರು ಗೈಡ್‌ಗಳ ಕೆಲಸ, ಪ್ರತಿಯೊಂದರಿಂದಲೂ ಒಂಟಿ ಕೋಶ ಎತ್ತಿ ಕ್ಲೋನ್ ಬೆಳೆಸಬೇಕು. ಬೇಡದ ಕಡೆ ಕಟ್ ಆದ ಕ್ಲೋನ್‌ಗೆ ತಿಂಗಳುಗಟ್ಟಲೆ ಮೀಡಿಯಾ ಸುರಿಯುವ ಖರ್ಚು ನೋಡಿದರೆ ನಮಗೆ ಪ್ರೋಟೀನೇ ಅಗ್ಗ.